ಫೋನ್ ಪೂರ್ತಿ ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು? ಕೊನೆಯ ನಿಧಾನವನ್ನೂ ಸೇರಿಸಿ ಲೆಕ್ಕ ಹಾಕುವ ಬಗೆ

ಫೋನನ್ನು ಚಾರ್ಜಿಗೆ ಹಾಕಿದಾಗ ಶೇ 20 ಇತ್ತು, ಎಂಟು ನಿಮಿಷ ಚಿಲ್ಲರೆಯಲ್ಲಿ ಶೇ 30 ಆಯಿತು ಎಂದುಕೊಳ್ಳಿ. ಹತ್ತಕ್ಕೆ ಎಂಟು ನಿಮಿಷವಾದರೆ ಉಳಿದ ಎಪ್ಪತ್ತು ಒಂದು ಗಂಟೆಯೊಳಗೆ ಮುಗಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಗಂಟೆ ಕಳೆದ ಮೇಲೆ ನೋಡಿದರೆ ಅಂಕೆ ಶೇ 90ರ ಆಸುಪಾಸಿನಲ್ಲಿರುತ್ತದೆ. ಪೂರ್ತಿಯಾಗಲು ಇನ್ನೂ ಅರ್ಧ ಗಂಟೆಗೂ ಹೆಚ್ಚು ಬೇಕಾಗುತ್ತದೆ. ಚಾರ್ಜರ್ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ತಪ್ಪಿರುವುದು ಲೆಕ್ಕ. ಬ್ಯಾಟರಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ತುಂಬುತ್ತದೆ ಎಂದು ನಾವು ಹಿಡಿದದ್ದೇ ತಪ್ಪು.

ಈ ಲೆಕ್ಕವನ್ನು ಸರಿಪಡಿಸಲು ದೊಡ್ಡ ಗಣಿತವೇನೂ ಬೇಡ. ಚಾರ್ಜ್ ಆಗುವ ದಾರಿಯನ್ನು ಎರಡು ತುಂಡು ಮಾಡಬೇಕು. ಮೊದಲ ತುಂಡಿಗೆ ಸಾದಾ ಭಾಗಾಕಾರ ಸಾಕು. ಎರಡನೆಯದಕ್ಕೆ ಅದೇ ಭಾಗಾಕಾರ ಮಾಡಿ, ಬಂದ ನಿಮಿಷಗಳನ್ನು ಸುಮಾರು ಎರಡೂವರೆಯಿಂದ ಗುಣಿಸಬೇಕು. ಈ ಎರಡೂವರೆ ಎಲ್ಲಿಂದ ಬಂತು, ತುಂಡು ಮಾಡುವ ಜಾಗವನ್ನು ನಿಮ್ಮ ಫೋನಿನಲ್ಲಿ ಹೇಗೆ ಕಂಡುಹಿಡಿಯುವುದು, ಲೆಕ್ಕ ಯಾವಾಗ ಕೈಕೊಡುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ನಿಧಾನ ಎಲ್ಲಿಂದ ಬರುತ್ತದೆ

ಫೋನಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಇದಕ್ಕೊಂದು ದಾಟಬಾರದ ವೋಲ್ಟೇಜ್ ಇರುತ್ತದೆ. ಹಳೆಯ ಬಗೆಯ ಸೆಲ್‌ಗಳಲ್ಲಿ ಅದು 4.2 ವೋಲ್ಟ್, ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ 4.35ರಿಂದ 4.5 ವೋಲ್ಟ್‌ನೊಳಗೆ. ಬ್ಯಾಟರಿ ಖಾಲಿ ಇರುವಾಗ ಅದರ ವೋಲ್ಟೇಜ್ ಈ ಮಿತಿಗಿಂತ ಬಹಳ ಕೆಳಗಿರುವುದರಿಂದ ಫೋನ್ ಧೈರ್ಯವಾಗಿ ಹೆಚ್ಚು ಕರೆಂಟ್ ಒಳಗೆ ಬಿಡುತ್ತದೆ. ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಶೇಕಡಾ ಅಂಕೆಯೂ ಒಂದೇ ಸಮ ಏರುತ್ತದೆ.

ಚಾರ್ಜ್ ಏರಿದಂತೆ ವೋಲ್ಟೇಜ್ ಕೂಡ ಏರಿ ಒಂದು ಹಂತದಲ್ಲಿ ಮಿತಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಫೋನ್ ವೋಲ್ಟೇಜನ್ನು ಆ ಮಿತಿಯಲ್ಲೇ ಹಿಡಿದಿಟ್ಟು, ಬ್ಯಾಟರಿ ಎಷ್ಟು ಕರೆಂಟ್ ಎಳೆದುಕೊಳ್ಳುತ್ತದೋ ಅಷ್ಟನ್ನು ಮಾತ್ರ ಕೊಡುತ್ತದೆ. ಬ್ಯಾಟರಿ ತುಂಬುತ್ತ ಹೋದಂತೆ ಆ ಕರೆಂಟ್ ತಾನಾಗಿಯೇ ಇಳಿಯುತ್ತದೆ. ತುಂಬಬೇಕಾದ ಜಾಗ ಅರ್ಧವಾದಾಗ ಕರೆಂಟೂ ಅರ್ಧ, ಅದರ ಅರ್ಧವಾದಾಗ ಕರೆಂಟ್ ಕಾಲು. ಇಲ್ಲಿ ಆತುರಪಟ್ಟು ಹೆಚ್ಚು ಕರೆಂಟ್ ನುಗ್ಗಿಸಿದರೆ ಲಿಥಿಯಂ ಎಲೆಕ್ಟ್ರೋಡಿನ ಒಳಗೆ ಸೇರುವ ಬದಲು ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಹಾಗೆ ಕೂತ ಲಿಥಿಯಂನಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದು ಮಿತಿಮೀರಿ ಬೆಳೆದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಹಾಗಾಗಿ ಈ ನಿಧಾನ ಬೇಕೆಂದೇ ಇಟ್ಟಿರುವ ರಕ್ಷಣೆ. ಇದನ್ನು ತಪ್ಪಿಸುವ ಉಪಾಯ ಹುಡುಕಬಾರದು, ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದೇ ಸಮನಾದ ಏರಿಕೆ ಮುಗಿದು ಇಳಿಮುಖ ಶುರುವಾಗುವ ಶೇಕಡಾವನ್ನು ಈ ಬರಹದುದ್ದಕ್ಕೂ ‘ತಿರುವು’ ಎಂದು ಕರೆಯುತ್ತೇನೆ.

ತಿರುವು ಎಲ್ಲ ಫೋನುಗಳಲ್ಲೂ ಶೇ 80ರಲ್ಲಿ ಇರುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ಹಾಗೇ ನಂಬಬೇಡಿ. ತಿರುವು ಎಲ್ಲಿ ಬೀಳುತ್ತದೆ ಎನ್ನುವುದು ನೀವು ಎಷ್ಟು ಕರೆಂಟ್ ಕೊಡುತ್ತಿದ್ದೀರಿ ಎನ್ನುವುದನ್ನು ಅವಲಂಬಿಸಿದೆ. ಬ್ಯಾಟರಿಯೊಳಗೆ ಒಂದು ಸಣ್ಣ ರೋಧವಿರುತ್ತದೆ. ಅದು 0.1 ಓಮ್ ಎಂದಿಟ್ಟುಕೊಂಡರೆ, 4 ಆಂಪಿಯರ್ ಹರಿಯುವಾಗ ಹೊರಗೆ ಕಾಣುವ ವೋಲ್ಟೇಜ್ ಒಳಗಿನ ನಿಜವಾದ ವೋಲ್ಟೇಜಿಗಿಂತ 0.4 ವೋಲ್ಟ್ ಜಾಸ್ತಿ ಇರುತ್ತದೆ. ಅಂದರೆ ಹೊರಗಿನದು 4.4ರ ಮಿತಿ ಮುಟ್ಟಿದಾಗ ಒಳಗೆ ಇನ್ನೂ 4.0 ಮಾತ್ರ, ತುಂಬಬೇಕಾದ್ದು ಇನ್ನೂ ಬಹಳ. ಅದೇ ಬ್ಯಾಟರಿಗೆ 1 ಆಂಪಿಯರ್ ಕೊಟ್ಟರೆ ವ್ಯತ್ಯಾಸ 0.1 ವೋಲ್ಟ್ ಅಷ್ಟೇ, ಮಿತಿ ಮುಟ್ಟುವ ಹೊತ್ತಿಗೆ ಬ್ಯಾಟರಿ ಬಹುಪಾಲು ತುಂಬಿರುತ್ತದೆ. ಆದ್ದರಿಂದ ವೇಗದ ಚಾರ್ಜರಿನಲ್ಲಿ ತಿರುವು ಬೇಗ ಬರುತ್ತದೆ, ನಿಧಾನದ ಚಾರ್ಜರಿನಲ್ಲಿ ತಡವಾಗಿ ಬರುತ್ತದೆ. ಚಾರ್ಜರ್ ಬದಲಾಯಿಸಿದರೆ ವೇಗವನ್ನೂ ತಿರುವನ್ನೂ ಹೊಸದಾಗಿ ಅಳೆಯಬೇಕು ಎನ್ನುವುದಕ್ಕೆ ಇದೇ ಕಾರಣ. ದೊಡ್ಡ ಚಾರ್ಜರ್ ಕೊಂಡರೂ ಕೊನೆಯ ಹತ್ತು ಹದಿನೈದು ಶೇಕಡಾಕ್ಕೆ ಹಿಡಿಯುವ ಹೊತ್ತು ಹೆಚ್ಚು ಕಡಿಮೆಯಾಗದಿರುವುದಕ್ಕೂ ಇದೇ ಕಾರಣ. ಆ ಭಾಗದಲ್ಲಿ ಕರೆಂಟ್ ಎಷ್ಟೆಂದು ತೀರ್ಮಾನಿಸುವುದು ಬ್ಯಾಟರಿಯೇ ಹೊರತು ಚಾರ್ಜರ್ ಅಲ್ಲ.

ಹಂತ 1: ಆರಂಭದ ವೇಗ ಅಳೆಯಿರಿ

ಫೋನ್ ಶೇ 20ರ ಹತ್ತಿರ ಇದ್ದಾಗ ಚಾರ್ಜಿಗೆ ಹಾಕಿ, ಸ್ಕ್ರೀನ್ ಆರಿಸಿ, ಬಳಸದೆ ಬಿಡಿ. ಇಲ್ಲೊಂದು ಸಣ್ಣ ಎಚ್ಚರ ಬೇಕು. ಫೋನ್ ತೋರಿಸುವುದು ಪೂರ್ಣಾಂಕ ಮಾತ್ರ. ಶೇ 20 ಎಂದರೆ 20.0 ಇರಬಹುದು, 20.9 ಕೂಡ ಇರಬಹುದು. ಹಾಕಿದ ಕ್ಷಣದಿಂದ ಗಡಿಯಾರ ನೋಡಿದರೆ ಲೆಕ್ಕಕ್ಕೆ ಒಂದು ಶೇಕಡಾದಷ್ಟು ದೋಷ ಆಗಲೇ ಸೇರಿಕೊಳ್ಳುತ್ತದೆ. ಅದರ ಬದಲು ಅಂಕೆ ಬದಲಾಗುವ ಕ್ಷಣವನ್ನು ಹಿಡಿಯಿರಿ. 20 ಹೋಗಿ 21 ಆದ ಕ್ಷಣ ಸಮಯ ಬರೆದುಕೊಳ್ಳಿ, ಆಮೇಲೆ 40 ಹೋಗಿ 41 ಆದ ಕ್ಷಣ ಮತ್ತೆ ಬರೆದುಕೊಳ್ಳಿ. ಇಪ್ಪತ್ತು ಶೇಕಡಾಕ್ಕೆ ಎಷ್ಟು ನಿಮಿಷ ಹಿಡಿಯಿತೋ ಅದರಿಂದ ಇಪ್ಪತ್ತನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಶೇಕಡಾ ಎಂಬ ವೇಗ ಸಿಗುತ್ತದೆ.

ಮಾದರಿಯಾಗಿ, ಈ ಇಪ್ಪತ್ತು ಶೇಕಡಾ ಏರಲು 16 ನಿಮಿಷ 40 ಸೆಕೆಂಡ್ ಹಿಡಿಯಿತು ಎನ್ನೋಣ. ವೇಗ ನಿಮಿಷಕ್ಕೆ 1.2 ಶೇಕಡಾ. ಮುಂದಿನ ಲೆಕ್ಕಗಳೆಲ್ಲ ಇದೇ ಫೋನಿನವು.

ಐದು ಶೇಕಡಾದ ಅವಧಿಯಲ್ಲಿ ಅಳೆದರೂ ಆಗುತ್ತದೆ, ಆದರೆ ತಪ್ಪು ಹೆಚ್ಚು. ಮೊದಲ ಒಂದೆರಡು ನಿಮಿಷದಲ್ಲಿ ಫೋನ್ ಮತ್ತು ಚಾರ್ಜರ್ ಪರಸ್ಪರ ಮಾತಾಡಿಕೊಂಡು ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ತೀರ್ಮಾನಿಸುತ್ತಿರುತ್ತವೆ. ಆ ಹೊತ್ತಿನ ವೇಗ ಮುಂದಿನದಕ್ಕೆ ಅಳತೆಗೋಲಾಗುವುದಿಲ್ಲ.

ಅಳೆಯಲು ಪುರುಸೊತ್ತಿಲ್ಲ ಎಂದರೆ ಚಾರ್ಜರಿನ ಮೇಲೆ ಬರೆದ ವಾಟ್‌ನಿಂದ ಅಂದಾಜು ಮಾಡಬಹುದು. 5000 ಎಂಎಎಚ್ ಬ್ಯಾಟರಿಯೆಂದರೆ 5 ಆಂಪಿಯರ್ ಗಂಟೆ. ಅದನ್ನು ಬ್ಯಾಟರಿಯ ಸರಾಸರಿ ವೋಲ್ಟೇಜ್ ಸುಮಾರು 3.85ರಿಂದ ಗುಣಿಸಿದರೆ 19 ವಾಟ್ ಗಂಟೆ ಚಿಲ್ಲರೆ ಬರುತ್ತದೆ. 18 ವಾಟ್ ಚಾರ್ಜರಿನಿಂದ ಬ್ಯಾಟರಿಯೊಳಗೆ ನಿಜವಾಗಿ ಸೇರುವುದು 14 ವಾಟ್ ಎಂದು ಹಿಡಿದರೆ (ಉಳಿದದ್ದು ಬಿಸಿಯಾಗಿ ಮತ್ತು ಫೋನ್ ನಡೆಸುವುದಕ್ಕೆ ಹೋಗುತ್ತದೆ) ವೇಗ ಗಂಟೆಗೆ 73 ಶೇಕಡಾ, ಅಂದರೆ ನಿಮಿಷಕ್ಕೆ 1.2. ಆದರೆ ಚಾರ್ಜರಿನ ಮೇಲೆ ಬರೆದಿರುವುದು ಅದು ಕೊಡಬಲ್ಲ ಗರಿಷ್ಠ ಶಕ್ತಿ. ಎಷ್ಟು ತೆಗೆದುಕೊಳ್ಳಬೇಕೆಂದು ನಿರ್ಧರಿಸುವುದು ಫೋನ್. 67 ವಾಟ್ ಚಾರ್ಜರಿಗೆ 18 ವಾಟ್ ಮಾತ್ರ ತೆಗೆದುಕೊಳ್ಳುವ ಫೋನ್ ಸಿಕ್ಕಿಸಿದರೆ ಹೋಗುವುದು 18 ವಾಟೇ. ಹಾಗಾಗಿ ಅಳೆದ ವೇಗದ ಮೇಲೆ ಇಡುವ ಭರವಸೆಯನ್ನು ನಾನು ಈ ಅಂದಾಜಿನ ಮೇಲೆ ಇಡುವುದಿಲ್ಲ.

ಹಂತ 2: ತಿರುವು ಎಲ್ಲಿದೆ ಎಂದು ಹುಡುಕಿ

ಇದಕ್ಕೆ ಒಂದು ಸಲ ಪೂರ್ತಿ ಚಾರ್ಜಿನ ದಾಖಲೆ ಇಡಬೇಕು. ಪ್ರತಿ ಐದು ಶೇಕಡಾಕ್ಕೊಮ್ಮೆ ಅಂಕೆ ಬದಲಾದ ಸಮಯ ಬರೆದುಕೊಳ್ಳಿ. ಮಾದರಿ ಫೋನಿನ ದಾಖಲೆಯ ಮೇಲಿನ ಭಾಗ ಹೀಗಿರುತ್ತದೆ:

| ಶೇಕಡಾ | ಹಿಡಿದ ನಿಮಿಷ |
|---|---|
| 60ರಿಂದ 65 | 4.2 |
| 65ರಿಂದ 70 | 4.2 |
| 70ರಿಂದ 75 | 4.5 |
| 75ರಿಂದ 80 | 5.4 |
| 80ರಿಂದ 85 | 6.7 |
| 85ರಿಂದ 90 | 8.9 |
| 90ರಿಂದ 95 | 13 |
| 95ರಿಂದ 100 | 25.5 |

ಈ ಪಟ್ಟಿಯ ಕೊನೆಯ ಸಾಲು ನೋಡಿ. ಕೆಳಗೆ ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಬಂದಷ್ಟೇ ಚಾರ್ಜಿಗೆ ಇಲ್ಲಿ ಇಪ್ಪತ್ತೈದು ನಿಮಿಷ ಹೋಗಿದೆ, ಆರು ಪಟ್ಟು.

ಈಗ ತಿರುವಿನ ವಿಷಯ. ಪಟ್ಟಿಯನ್ನು ಮೇಲಿನಿಂದ ಓದುವವರಿಗೆ 80 ದಾಟಿದ ಮೇಲೆ ನಿಧಾನವಾಯಿತು ಎಂದು ಅನ್ನಿಸುವುದು ಸಹಜ. 4.2 ಮತ್ತು 4.5ರ ನಡುವಿನ ವ್ಯತ್ಯಾಸ ಹದಿನೆಂಟು ಸೆಕೆಂಡ್ ಮಾತ್ರ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಇಳಿಮುಖ ಶುರುವಾದದ್ದು ಅಲ್ಲೇ, ಶೇ 70ರಲ್ಲಿ. ಕರೆಂಟ್ ಮೆಲ್ಲಗೆ ಇಳಿಯಲು ತೊಡಗುವುದರಿಂದ, ನಿಧಾನ ಎದ್ದು ಕಾಣುವಷ್ಟರಲ್ಲಿ ತಿರುವು ಐದು ಹತ್ತು ಶೇಕಡಾ ಹಿಂದೆ ಉಳಿದಿರುತ್ತದೆ. ಆದ್ದರಿಂದ ಕೆಲಸಕ್ಕೆ ಬರುವ ಸೂತ್ರ ಇದು: ಯಾವ ಸಾಲು ಮೊದಲ ಸಾಲುಗಳಿಗಿಂತ ಕಾಲುಭಾಗದಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೋ ಆ ಸಾಲಿನ ಆರಂಭದಿಂದ ಐದು ಶೇಕಡಾ ಹಿಂದಕ್ಕೆ ಹೋಗಿ ತಿರುವನ್ನು ಗುರುತಿಸಿ. ಇಲ್ಲಿ 5.4 ನಿಮಿಷದ ಸಾಲು 4.2ಕ್ಕಿಂತ ಕಾಲುಭಾಗದಷ್ಟು ಹೆಚ್ಚು, ಅದರ ಆರಂಭ 75, ಐದು ಹಿಂದೆ ಹೋದರೆ 70.

ಆಂಡ್ರಾಯ್ಡ್ ಫೋನ್ ಮತ್ತು ಕಂಪ್ಯೂಟರ್ ಇದ್ದವರಿಗೆ ಇನ್ನೂ ಖಚಿತವಾದ ದಾರಿ ಇದೆ. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ adb ಎಂಬ ಉಪಕರಣದಿಂದ ಬ್ಯಾಟರಿಯ ವೋಲ್ಟೇಜನ್ನೇ ಓದಬಹುದು:

```
adb shell dumpsys battery
```

ಬರುವ ಉತ್ತರದಲ್ಲಿ ಈ ಮೂರು ಸಾಲು ಹುಡುಕಿ:

```
level: 72
voltage: 4398
temperature: 341
```

`level` ಶೇಕಡಾ. `voltage` ಸಾಮಾನ್ಯವಾಗಿ ಮಿಲಿವೋಲ್ಟ್‌ನಲ್ಲಿರುತ್ತದೆ, ಇಲ್ಲಿ 4.398 ವೋಲ್ಟ್. `temperature` ಡಿಗ್ರಿಯ ಹತ್ತನೇ ಒಂದು ಭಾಗದಲ್ಲಿ, ಅಂದರೆ ಇಲ್ಲಿ 34.1 ಡಿಗ್ರಿ ಸೆಲ್ಸಿಯಸ್. ಕೆಲವು ನಿಮಿಷಕ್ಕೊಮ್ಮೆ ಇದನ್ನು ಓಡಿಸುತ್ತ ಹೋದರೆ ಮೊದಲು ವೋಲ್ಟೇಜ್ ಏರುತ್ತಲೇ ಇರುತ್ತದೆ. ಒಂದು ಹಂತದಲ್ಲಿ ಅದು ಮಿತಿಗೆ ಬಂದು ನಿಂತುಬಿಡುತ್ತದೆ, ಶೇಕಡಾ ಮಾತ್ರ ಏರುತ್ತಿರುತ್ತದೆ. ಅದು ನಿಂತ ಶೇಕಡಾವೇ ತಿರುವು. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಈ ಅಳತೆ ಮಾಡಬೇಡಿ, ಆಗ ಫೋನ್ ಕಂಪ್ಯೂಟರಿನಿಂದಲೇ ನಿಧಾನವಾಗಿ ಚಾರ್ಜ್ ಆಗುತ್ತಿರುತ್ತದೆ. ಆಂಡ್ರಾಯ್ಡ್ 11ರಿಂದೀಚೆಗೆ ಡೆವಲಪರ್ ಆಯ್ಕೆಗಳಲ್ಲಿ ವೈರ್‌ಲೆಸ್ ಡೀಬಗ್ಗಿಂಗ್ ಇದೆ. ಅದರಿಂದ ವೈಫೈ ಮೂಲಕ ಜೋಡಿಸಿ, ಫೋನನ್ನು ಅದರದೇ ಚಾರ್ಜರಿನಲ್ಲಿ ಬಿಡಿ.

ಕೆಲವು ಅತಿ ವೇಗದ ಫೋನುಗಳಲ್ಲಿ ವೋಲ್ಟೇಜ್ ಮಿತಿ ಮುಟ್ಟುವ ಮೊದಲೇ, ಶೇ 50ರ ಆಸುಪಾಸಿನಿಂದಲೇ, ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಅಂಥ ಫೋನಿನ ಪಟ್ಟಿಯಲ್ಲಿ ನಿಮಿಷಗಳು ನುಣ್ಣಗೆ ಏರುವ ಬದಲು ಒಮ್ಮೆ ನೆಗೆದು, ಸ್ವಲ್ಪ ಹೊತ್ತು ಸಮವಾಗಿದ್ದು, ಮತ್ತೆ ನೆಗೆಯುತ್ತವೆ. ಆಗ ಸೂತ್ರಕ್ಕಿಂತ ನಿಮ್ಮ ಪಟ್ಟಿಯೇ ಮೇಲು. ಬೇಕಾದ ಸಾಲುಗಳನ್ನು ಕೂಡಿಕೊಂಡರೆ ಸಮಯ ಸಿಕ್ಕಿಬಿಡುತ್ತದೆ.

ಹಂತ 3: ಎರಡೂವರೆಯ ಲೆಕ್ಕ

ಕರೆಂಟ್ ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತ ಹೋದರೆ ಬ್ಯಾಟರಿ ಎಂದೂ ಪೂರ್ತಿ ತುಂಬಬಾರದು, ಸದಾ ಸ್ವಲ್ಪ ಉಳಿದೇ ಇರಬೇಕು. ಅದಕ್ಕೆಂದೇ ಫೋನಿನಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಕರೆಂಟ್ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಇನ್ನು ಸಾಕು ಎಂದು ನಿಲ್ಲಿಸಿ ಶೇ 100 ಎಂದು ಕರೆಯುತ್ತಾರೆ. ತಿರುವಿನಲ್ಲಿದ್ದ ಕರೆಂಟಿನ ಹತ್ತನೇ ಒಂದು ಭಾಗಕ್ಕೆ ಇಳಿದಾಗ ನಿಲ್ಲಿಸುತ್ತಾರೆ ಎಂದು ಹಿಡಿದರೆ, ತಿರುವಿನಿಂದ ನೂರರವರೆಗಿನ ನಿಜವಾದ ಸಮಯ ಸಾದಾ ಭಾಗಾಕಾರದ ಸಮಯಕ್ಕಿಂತ 2.56 ಪಟ್ಟು ಬರುತ್ತದೆ. ಇಪ್ಪತ್ತನೇ ಒಂದಕ್ಕೆ ಇಳಿಯುವವರೆಗೆ ಕಾದರೆ 3.15 ಪಟ್ಟು. ಐದನೇ ಒಂದಕ್ಕೇ ನಿಲ್ಲಿಸಿದರೆ 2 ಪಟ್ಟು. ತಿರುವು ಶೇ 60ರಲ್ಲಿರಲಿ, 85ರಲ್ಲಿರಲಿ, ಈ ಪಟ್ಟು ಬದಲಾಗುವುದಿಲ್ಲ. ಈ ವಿಧಾನದ ಸೊಗಸೇ ಅದು. ಆರಂಭಕ್ಕೆ 2.5 ಹಿಡಿದುಕೊಳ್ಳಿ.

```
ಒಟ್ಟು ನಿಮಿಷ = (ತಿರುವು − ಈಗಿನ ಶೇಕಡಾ) ÷ ವೇಗ
            + 2.5 × (100 − ತಿರುವು) ÷ ವೇಗ
```

ಮಾದರಿ ಫೋನಿಗೆ ಹಾಕಿ ನೋಡೋಣ. ಈಗ ಶೇ 20, ತಿರುವು 70, ವೇಗ 1.2. ಮೊದಲ ತುಂಡು 50 ÷ 1.2, ಸುಮಾರು 42 ನಿಮಿಷ. ಎರಡನೆಯದು 30 ÷ 1.2, ಅಂದರೆ 25 ನಿಮಿಷ. ಅದರ ಎರಡೂವರೆ ಪಟ್ಟು 62 ನಿಮಿಷ ಚಿಲ್ಲರೆ. ಒಟ್ಟು 104 ನಿಮಿಷ. ದಾಖಲೆಯ ಪಟ್ಟಿ ಹೇಳುವುದು 106. ಬರೀ ಭಾಗಾಕಾರ ಹೇಳುತ್ತಿದ್ದದ್ದು 67 ನಿಮಿಷ. ನಲವತ್ತು ನಿಮಿಷದ ಹತ್ತಿರ ಇದ್ದ ತಪ್ಪು ಎರಡು ನಿಮಿಷಕ್ಕೆ ಇಳಿದಿದೆ. ನಿಜವಾದ ಫೋನ್ ಇಷ್ಟು ಶಿಸ್ತಾಗಿ ನಡೆದುಕೊಳ್ಳುವುದಿಲ್ಲ. ಹತ್ತು ನಿಮಿಷ ಆಚೀಚೆ ಬಂದರೆ ಲೆಕ್ಕ ಸರಿಯಾಗಿದೆ ಎಂದೇ ತಿಳಿಯಿರಿ.

ಒಂದು ಪೂರ್ತಿ ದಾಖಲೆ ಕೈಗೆ ಬಂದ ಮೇಲೆ 2.5 ಎಂಬ ನನ್ನ ಸಂಖ್ಯೆಯನ್ನು ಬಿಟ್ಟು ನಿಮ್ಮದೇ ಸಂಖ್ಯೆ ಮಾಡಿಕೊಳ್ಳಿ. ತಿರುವಿನಿಂದ ನೂರರವರೆಗೆ ನಿಜವಾಗಿ ಹಿಡಿದ ನಿಮಿಷಗಳನ್ನು ಸಾದಾ ಭಾಗಾಕಾರದ ನಿಮಿಷಗಳಿಂದ ಭಾಗಿಸಿ. 2.1 ಬಂದರೆ ನಿಮ್ಮ ಫೋನ್ ಬೇಗ ನಿಲ್ಲಿಸುವ ಜಾತಿಯದು. 3 ಬಂದರೆ ಕೊನೆಯ ಹನಿಯವರೆಗೂ ತುಂಬಿಸುವ ಜಾತಿ.

ಹಂತ 4: ನೂರು ಬೇಡ, 85 ಸಾಕು ಎಂದಾಗ

ದಿನನಿತ್ಯ ನಮಗೆ ಬೇಕಾಗುವ ಪ್ರಶ್ನೆ ಸಾಮಾನ್ಯವಾಗಿ ಪೂರ್ತಿ ಯಾವಾಗ ಆಗುತ್ತದೆ ಎಂಬುದಲ್ಲ. ಇನ್ನೊಂದು ಗಂಟೆಗೆ ಹೊರಡಬೇಕು, ಅಷ್ಟರಲ್ಲಿ ಎಷ್ಟಾಗಿರುತ್ತದೆ ಎಂಬುದು. ಅದಕ್ಕೆ ತಿರುವಿನ ನಂತರದ ದಾರಿಯಲ್ಲಿ ಎಷ್ಟು ಭಾಗ ಹೋಗಬೇಕು ಎಂದು ನೋಡಿ, ಪಟ್ಟನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ಅರ್ಧ ದಾರಿಗೆ 1.3, ಮುಕ್ಕಾಲು ದಾರಿಗೆ 1.7, ಹತ್ತರಲ್ಲಿ ಒಂಬತ್ತು ಭಾಗಕ್ಕೆ 2, ಪೂರ್ತಿಗೆ 2.5. ಈ ನಾಲ್ಕು ಸಂಖ್ಯೆ ನೆನಪಿದ್ದರೆ ಸಾಕು.

ತಿರುವು 70 ಇರುವ ಫೋನಿನಲ್ಲಿ ನೂರರವರೆಗಿನ ಅರ್ಧ ದಾರಿ ಎಂದರೆ ಶೇ 85. ಸಾದಾ ಲೆಕ್ಕದಲ್ಲಿ 15 ÷ 1.2, ಹನ್ನೆರಡೂವರೆ ನಿಮಿಷ. 1.3ರಿಂದ ಗುಣಿಸಿದರೆ ಹದಿನಾರು ನಿಮಿಷ ದಾಟುತ್ತದೆ. ಈಗ ಶೇ 20 ಇದ್ದು ಕೈಯಲ್ಲಿ 60 ನಿಮಿಷ ಇದೆ ಎನ್ನಿ. ಮೊದಲ 42 ನಿಮಿಷದಲ್ಲಿ 70 ಮುಟ್ಟುತ್ತದೆ, ಉಳಿದದ್ದು 18 ನಿಮಿಷ. ಹದಿನಾರು ಹದಿನೇಳರಲ್ಲಿ 85 ಆಗುವುದರಿಂದ ಹೊರಡುವ ಹೊತ್ತಿಗೆ ಶೇ 86 ಇರುತ್ತದೆ. ಇನ್ನೂ ಒಂದು ಇಪ್ಪತ್ತು ನಿಮಿಷ ಕಾದರೆ 95ರ ಆಸುಪಾಸಿಗೆ ಬಂದೀತು. ನೂರು ಬೇಕೆಂದರೆ ಅದರ ಮೇಲೆ ಮತ್ತೆ ಇಪ್ಪತ್ತೈದು ನಿಮಿಷ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೈಗೆ 40 ನಿಮಿಷ ಮಾತ್ರ ಸಿಗುವುದಾದರೆ, ಅದನ್ನು ಶೇ 20ರಲ್ಲಿ ಬಳಸಿದರೆ 68ರವರೆಗೆ ಹೋಗಬಹುದು, 48 ಶೇಕಡಾ ಲಾಭ. ಅದೇ 40 ನಿಮಿಷವನ್ನು ಶೇ 60ರಲ್ಲಿ ಬಳಸಿದರೆ ಮೊದಲ ಎಂಟು ನಿಮಿಷ ತಿರುವಿಗೆ, ಉಳಿದ 32 ನಿಮಿಷದಲ್ಲಿ ಮುಕ್ಕಾಲು ದಾರಿ, ಒಟ್ಟು 92ರ ಹತ್ತಿರ. ಲಾಭ 32 ಶೇಕಡಾ. ಎರಡು ಫೋನಿಗೆ ಒಂದೇ ಚಾರ್ಜರ್ ಇರುವ ಮನೆಯಲ್ಲಿ, ತುಂಬುತ್ತ ಬಂದ ಫೋನನ್ನು ನೂರರವರೆಗೆ ಬಿಡುವ ಬದಲು 85ಕ್ಕೆ ತೆಗೆದು ಖಾಲಿಯಾದದ್ದನ್ನು ಹಾಕುವುದೇ ಸರಿ ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದ.

ಫೋನ್ ಈಗಾಗಲೇ ತಿರುವು ದಾಟಿ 90ರಲ್ಲಿದ್ದರೆ ಹೊಸದಾಗಿ ಏನೂ ಗುಣಿಸಬೇಡಿ. ದಾಖಲೆಯ ಕೊನೆಯ ಎರಡು ಸಾಲು ಕೂಡಿ, 13 ಮತ್ತು 25.5, ಒಟ್ಟು 38 ನಿಮಿಷ ಚಿಲ್ಲರೆ. ತಿರುವಿನಾಚೆಗಿನ ದಾರಿ ಫೋನನ್ನು ಎಷ್ಟು ಶೇಕಡಾದಲ್ಲಿ ಚಾರ್ಜಿಗೆ ಹಾಕಿದಿರಿ ಎಂಬುದನ್ನು ಹೆಚ್ಚೇನೂ ಅವಲಂಬಿಸಿರುವುದಿಲ್ಲ, ಹಾಗಾಗಿ ಹಳೆಯ ಪಟ್ಟಿಯೇ ಸಾಕಾಗುತ್ತದೆ.

ಲೆಕ್ಕ ತಪ್ಪಿದರೆ

ಮೊದಲು ನೋಡಬೇಕಾದ್ದು ಬಿಸಿ. ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯೊಳಗೆ ಚಾರ್ಜ್ ಮಾಡಬೇಕೆಂಬ ಮಿತಿ ಇರುತ್ತದೆ, ಫೋನುಗಳು ಅದಕ್ಕೂ ಮೊದಲೇ ಎಚ್ಚೆತ್ತು ಕರೆಂಟ್ ಇಳಿಸುತ್ತವೆ. ಬಿಸಿಯಿಂದಾದ ನಿಧಾನ ಮತ್ತು ತಿರುವಿನ ನಿಧಾನ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಬೇರ್ಪಡಿಸುವುದು ಸುಲಭ. ಬಿಸಿಯದು ಶೇ 40ರಲ್ಲೂ ಬರಬಹುದು, ಫೋನಿನ ಬೆನ್ನು ಮುಟ್ಟಿದರೆ ಗೊತ್ತಾಗುತ್ತದೆ, ಮುಖ್ಯವಾಗಿ ಅದು ಹೋಗಿಬಿಡುತ್ತದೆ. ಕವಚ ತೆಗೆದು, ಆಟ ನಿಲ್ಲಿಸಿ, ಗಾಳಿಯಾಡುವ ಕಡೆ ಇಟ್ಟು ಹತ್ತು ನಿಮಿಷ ಬಿಟ್ಟರೆ ವೇಗ ಮತ್ತೆ ಏರುತ್ತದೆ. ತಿರುವಿನ ನಿಧಾನ ಎಷ್ಟು ತಣ್ಣಗಿಟ್ಟರೂ ಮೊದಲಿನ ವೇಗಕ್ಕೆ ಮರಳುವುದಿಲ್ಲ. ತಂತಿಯಿಲ್ಲದ ಚಾರ್ಜರಿನಲ್ಲಿ ಬಿಸಿ ಹೆಚ್ಚಾದ್ದರಿಂದ ಅಲ್ಲಿ ನಮ್ಮ ಲೆಕ್ಕ ಕೈಕೊಡುವುದೂ ಹೆಚ್ಚು.

ಶುರುವಿನಿಂದಲೇ ವೇಗ ಎಂದಿನ ಅರ್ಧದಷ್ಟಿದ್ದರೆ ಅನುಮಾನ ಪಡಬೇಕಾದ್ದು ಕೇಬಲ್ ಮತ್ತು ಪೋರ್ಟನ್ನು. ಫೋನಿಗೂ ಚಾರ್ಜರಿಗೂ ವೇಗದ ಚಾರ್ಜಿಂಗ್ ಬಗ್ಗೆ ಒಪ್ಪಂದವಾಗದಿದ್ದರೆ ಫೋನ್ ಸಾಮಾನ್ಯ 5 ವೋಲ್ಟ್‌ಗೆ ಇಳಿದು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಬೇರೆ ಕೇಬಲ್ ಹಾಕಿ ಐದು ಶೇಕಡಾ ಅಳೆದರೆ ಉತ್ತರ ಸಿಗುತ್ತದೆ. ಹಾಗೆ ನಿಧಾನದಲ್ಲೇ ಚಾರ್ಜ್ ಮಾಡಬೇಕಾಗಿ ಬಂದರೆ ತಿರುವು 85, 90ಕ್ಕೆ ಸರಿದಿರುತ್ತದೆ ಎಂಬುದನ್ನು ಮರೆಯಬೇಡಿ. ಆಗ ಸಾದಾ ಭಾಗಾಕಾರವೇ ಬಹುಪಾಲು ಸರಿಯಾಗುತ್ತದೆ.

ಶೇ 80ರಲ್ಲಿ ಅಂಕೆ ಅಲ್ಲಾಡದೆ ಗಂಟೆಗಟ್ಟಲೆ ನಿಂತರೆ ಅದು ಇಳಿಮುಖವಲ್ಲ. ಇಳಿಮುಖದಲ್ಲಿ ಅಂಕೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ರಕ್ಷಣೆಯ ಮಿತಿ ಅಥವಾ ನೀವು ಏಳುವ ಹೊತ್ತಿಗೆ ಸರಿಯಾಗಿ ತುಂಬಿಸುವ ಆಯ್ಕೆ ಆನ್ ಇದೆ ಎಂದರ್ಥ. ರಾತ್ರಿ ಇಟ್ಟ ದಾಖಲೆಗಳು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಅಳೆಯುವ ದಿನ ಅದನ್ನು ಆಫ್ ಮಾಡಿ, ಅಳೆದ ಮೇಲೆ ಮತ್ತೆ ಆನ್ ಮಾಡಿ.

ಚಾರ್ಜ್ ಆಗುವಾಗ ಫೋನ್ ಬಳಸಿದರೆ ಸ್ಕ್ರೀನ್ ಮತ್ತು ಪ್ರೊಸೆಸರ್ ತಮ್ಮ ಪಾಲನ್ನು ಎಳೆದುಕೊಳ್ಳುತ್ತವೆ. ಕೆಳಗಿನ ಶೇಕಡಾಗಳಲ್ಲಿ 14 ವಾಟ್ ಒಳಗೆ ಹೋಗುತ್ತಿರುವಾಗ 2 ವಾಟ್ ಖರ್ಚಾದರೂ ತೊಂದರೆ ಸಣ್ಣದು. 97ರಲ್ಲಿ ಬ್ಯಾಟರಿಗೆ ಹೋಗುವುದೇ ಎರಡು ಮೂರು ವಾಟ್. ಮೇಲಾಗಿ ಬಳಕೆಯಿಂದ ಬಿಸಿಯೂ ಏರುತ್ತದೆ. ವಿಡಿಯೊ ನೋಡುತ್ತ ಚಾರ್ಜ್ ಮಾಡುವವರಿಗೆ ಕೊನೆಯ ಮೂರು ಶೇಕಡಾ ಮುಗಿಯುವುದೇ ಇಲ್ಲ ಅನ್ನಿಸುವುದು ಇದಕ್ಕೇ.

ಹಳೆಯ ಬ್ಯಾಟರಿಯ ಲೆಕ್ಕ

ವರ್ಷಗಳು ಕಳೆದಂತೆ ಬ್ಯಾಟರಿಯ ಒಳರೋಧ ಏರುತ್ತದೆ, ಹಿಡಿಯುವ ಶಕ್ತಿ ಇಳಿಯುತ್ತದೆ. ರೋಧ ಏರಿದ್ದರಿಂದ ತಿರುವು ಬೇಗ ಬರುತ್ತದೆ. ಶಕ್ತಿ ಇಳಿದದ್ದರಿಂದ ಅದೇ ಚಾರ್ಜರಿನಲ್ಲಿ ಶೇಕಡಾ ಅಂಕೆ ಮೊದಲಿಗಿಂತ ವೇಗವಾಗಿ ಓಡುತ್ತದೆ. ಮಾದರಿ ಫೋನಿನ ಬ್ಯಾಟರಿ ಹೊಸದರ ಶೇ 80ಕ್ಕೆ ಇಳಿದಿದೆ, ತಿರುವು 60ಕ್ಕೆ ಬಂದಿದೆ ಎಂದುಕೊಂಡರೆ ವೇಗ ನಿಮಿಷಕ್ಕೆ 1.5 ಆಗುತ್ತದೆ. ಶೇ 20ರಿಂದ 60ಕ್ಕೆ 27 ನಿಮಿಷ, ಅಲ್ಲಿಂದ ನೂರಕ್ಕೆ 27ರ ಎರಡೂವರೆ ಪಟ್ಟು, 67 ನಿಮಿಷ. ಒಟ್ಟು 94. ಹೊಸತಿದ್ದಾಗ 104 ಇತ್ತು.

ಫೋನ್ ಮೊದಲಿಗಿಂತ ಬೇಗ ಚಾರ್ಜ್ ಆಗುತ್ತಿದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಎರಡು ಮೊತ್ತಗಳನ್ನು ತೋರಿಸಿ. ಬೇಗ ಆಗುತ್ತಿರುವುದು ತುಂಬಬೇಕಾದ್ದೇ ಕಡಿಮೆಯಾಗಿರುವುದರಿಂದ. ಅದರಲ್ಲೂ ನಿಧಾನದ ಭಾಗ ಒಟ್ಟು ಸಮಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದದ್ದು ಈಗ ಮುಕ್ಕಾಲು ಪಾಲಿನ ಹತ್ತಿರಕ್ಕೆ ಬಂದಿದೆ. ಹಾಗಾಗಿ ಹಳೆಯ ದಾಖಲೆಯ ವೇಗ ಮತ್ತು ತಿರುವನ್ನು ವರ್ಷಗಟ್ಟಲೆ ನಂಬಿಕೊಂಡಿರಬಾರದು. ಆರು ತಿಂಗಳಿಗೊಮ್ಮೆ, ಅಥವಾ ಲೆಕ್ಕ ಸತತವಾಗಿ ಒಂದೇ ದಿಕ್ಕಿನಲ್ಲಿ ತಪ್ಪತೊಡಗಿದಾಗ, ಐದೈದು ಶೇಕಡಾದ ಪಟ್ಟಿಯನ್ನು ಹೊಸದಾಗಿ ಬರೆದುಕೊಳ್ಳಿ.